ಫೈನಲ್ ಆದ ಸಂದೇಶಗಳು ಯಂತ್ರ ಮಾತಾಡಿದ ಹಾಗೆ ಕೇಳಿಸುತ್ತಿವೆಯೇ? ಬ್ಯಾಂಕಿನ ಕನ್ನಡ ಉತ್ತರಗಳಿಗೊಂದು ದೋಷ ನಿವಾರಣೆ ಕೈಪಿಡಿ

ಬ್ಯಾಂಕು ಮತ್ತು ಸಹಕಾರ ಸಂಘಗಳ ಗ್ರಾಹಕ ಸೇವಾ ವಿಭಾಗದಲ್ಲಿ ಸಿದ್ಧ ಉತ್ತರಗಳ ಒಂದು ಕಟ್ಟು ಇರುತ್ತದೆ. ಎಟಿಎಂ ದೂರಿಗೆ ಒಂದು, ಕಾರ್ಡ್ ಕಳೆದುಹೋದರೆ ಒಂದು, ಸಾಲದ ಕಂತು ತಪ್ಪಿದರೆ ಇನ್ನೊಂದು. ಯಾರೋ ಬರೆಯುತ್ತಾರೆ, ಇನ್ಯಾರೋ ಕಾಗುಣಿತ ತಿದ್ದುತ್ತಾರೆ, ಮೇಲಿನವರು ಒಪ್ಪಿಗೆ ಕೊಡುತ್ತಾರೆ. ಕೊನೆಗೆ ಒಂದೂ ತಪ್ಪಿಲ್ಲದ ಕಟ್ಟು ಕೈಗೆ ಬರುತ್ತದೆ. ಆದರೆ ಅದನ್ನು ಓದಿದ ಗ್ರಾಹಕರು "ಇವರು ಸುಮ್ನೆ ಏನೋ ಬರೆದು ಕೈ ತೊಳ್ಕೊಂಡಿದ್ದಾರೆ" ಅನ್ನುತ್ತಾರೆ.

ಕಾಗುಣಿತ ನೋಡುವವರ ಕಣ್ಣಿಗೆ ಈ ದೋಷ ಬೀಳುವುದಿಲ್ಲ. ಅದನ್ನು ಬೇರೆಯಾಗಿಯೇ ಹುಡುಕಬೇಕು. ಕೆಳಗಿನ ಕ್ರಮ ಖರ್ಚಿಲ್ಲದ ಪರೀಕ್ಷೆಯಿಂದ ಶುರುವಾಗಿ ಹೆಚ್ಚು ಜನ, ಹೆಚ್ಚು ಸಮಯ ಬೇಡುವ ಪರೀಕ್ಷೆಯ ಕಡೆಗೆ ಹೋಗುತ್ತದೆ. ಮೊದಲ ಎರಡರಲ್ಲೇ ಮುಕ್ಕಾಲು ಪಾಲು ಸಿಕ್ಕಿಬೀಳುತ್ತದೆ ಎಂಬುದು ಈ ಕೆಲಸ ಮಾಡುವವಳಾಗಿ ನನ್ನ ಅನಿಸಿಕೆ.

ಶುರು ಮಾಡುವ ಮುಂಚೆ

ಮೂಲ ಕಟ್ಟನ್ನು ಹಾಗೇ ಒಂದು ಕಡೆ ಇಟ್ಟು, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ನಿಜವಾದ ಗ್ರಾಹಕರ ಹೆಸರು, ಖಾತೆ ಸಂಖ್ಯೆ, ಮೊಬೈಲ್ ನಂಬರ್ ಇರುವ ಸಂದೇಶಗಳನ್ನು ಪರೀಕ್ಷೆಗೆ ತರಬೇಡಿ. ಮೊತ್ತ, ದಿನಾಂಕ, ಬಡ್ಡಿ ದರ, ಕಾನೂನಿನ ಕಲಮು ಇರುವ ಕಡೆ ಬಣ್ಣ ಹಚ್ಚಿಡಿ. ಭಾಷೆ ತಿದ್ದುವ ಭರದಲ್ಲಿ ಇವು ಅಲುಗಾಡಬಾರದು.

ಲಕ್ಷಣ 1: ಜೋರಾಗಿ ಓದಿದರೆ ಉಸಿರು ಸಾಲುವುದಿಲ್ಲ

ಮೊದಲ ಪರೀಕ್ಷೆಗೆ ಬೇಕಾಗಿರುವುದು ನಿಮ್ಮ ಬಾಯಿ ಮಾತ್ರ. ಎದುರಿಗೆ ಗ್ರಾಹಕರು ಕೂತಿದ್ದಾರೆ ಅಂದುಕೊಂಡು ಸಂದೇಶವನ್ನು ಜೋರಾಗಿ ಓದಿ. ಕಣ್ಣಲ್ಲೇ ಓದಿದರೆ ಗೊತ್ತಾಗುವುದಿಲ್ಲ, ಯಾಕೆಂದರೆ ಕಚೇರಿ ಭಾಷೆಗೆ ನಮ್ಮ ಕಣ್ಣು ಹೊಂದಿಕೊಂಡುಬಿಟ್ಟಿರುತ್ತದೆ.

ಎಟಿಎಂನಿಂದ ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಟ್ ಆಗಿದೆ ಎಂಬ ದೂರಿಗೆ ಸಾಮಾನ್ಯವಾಗಿ ಹೋಗುವ ಉತ್ತರದ ಮಾದರಿ ಇದು:

> ಮಾನ್ಯ ಗ್ರಾಹಕರೇ, ನಮ್ಮನ್ನು ಸಂಪರ್ಕಿಸಿದ್ದಕ್ಕಾಗಿ ಧನ್ಯವಾದಗಳು. ತಮಗೆ ಉಂಟಾಗಿರುವ ಅನಾನುಕೂಲತೆಗಾಗಿ ವಿಷಾದಿಸುತ್ತೇವೆ. ತಮ್ಮ ದೂರನ್ನು ಸಂಬಂಧಪಟ್ಟ ವಿಭಾಗದ ಗಮನಕ್ಕೆ ತರಲಾಗಿದ್ದು, ನಿಯಮಾನುಸಾರ ಸೂಕ್ತ ಪರಿಶೀಲನೆಯನ್ನು ಕೈಗೊಂಡು ಶೀಘ್ರದಲ್ಲೇ ಪರಿಹರಿಸಲಾಗುವುದು. ನಿಮ್ಮ ಸಹಕಾರವನ್ನು ಕೋರುತ್ತೇವೆ.

ಮೂರನೆಯ ವಾಕ್ಯದ ಹತ್ತಿರ ಎಡವುತ್ತೀರಿ. ಅಲ್ಲಿ ಕ್ರಿಯೆಗಳೆಲ್ಲ ಹೆಸರುಗಳಾಗಿ ಕೂತಿವೆ. "ನೋಡುತ್ತೇವೆ" ಅನ್ನುವ ಜಾಗದಲ್ಲಿ "ಪರಿಶೀಲನೆಯನ್ನು ಕೈಗೊಂಡು" ಬಂದಿದೆ. "ತಿಳಿಸಿದ್ದೇವೆ" ಅನ್ನಬಹುದಿತ್ತು, "ಗಮನಕ್ಕೆ ತರಲಾಗಿದ್ದು" ಆಗಿದೆ. ಇನ್ನೊಂದು ಸಣ್ಣ ಗುರುತೂ ಇದೆ. "ತಮಗೆ", "ತಮ್ಮ" ಎಂದು ಶುರುವಾದದ್ದು ಕೊನೆಗೆ "ನಿಮ್ಮ" ಆಗಿದೆ. ಹೀಗಾಗಿದ್ದರೆ ಆ ಸಂದೇಶವನ್ನು ಬೇರೆ ಬೇರೆ ಕಡೆಯಿಂದ ತಂದು ಅಂಟಿಸಿರುವ ಸಾಧ್ಯತೆ ಜಾಸ್ತಿ. ಕಟ್ಟಿನ ಉದ್ದಕ್ಕೂ ಒಂದನ್ನೇ ಇಟ್ಟುಕೊಳ್ಳಿ. "ನೀವು" ಸಾಕಷ್ಟು ಗೌರವದ ಮಾತೇ. ಬ್ಯಾಂಕಿನ ಕೌಂಟರಿನಲ್ಲಿ ಹಿರಿಯರ ಜೊತೆಗೂ ನಾವು ಹಾಗೇ ಮಾತಾಡುತ್ತೇವೆ ಅಲ್ವಾ.

ನಾಲಿಗೆ ಎಡವಿದ ಕಡೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಹಾಕಿ ಮುಂದೆ ಹೋಗಿ. ಈಗಲೇ ತಿದ್ದಬೇಡಿ. ಇಡೀ ಕಟ್ಟು ಓದಿ ಮುಗಿಸಿದಾಗ ಒಂದೇ ಬಗೆಯ ಜಾಗದಲ್ಲಿ ಮತ್ತೆ ಮತ್ತೆ ಗೆರೆ ಬಿದ್ದಿರುವುದು ಕಾಣುತ್ತದೆ.

ಲಕ್ಷಣ 2: ಗ್ರಾಹಕರು ಉತ್ತರ ಓದಿದ ಮೇಲೂ ಮತ್ತೆ ಫೋನ್ ಮಾಡುತ್ತಾರೆ

"ಮೆಸೇಜ್ ಬಂತು, ಆದ್ರೆ ನನ್ ದುಡ್ಡು ಯಾವಾಗ ಬರತ್ತೆ?" ಎಂದು ಕೇಳಿದರೆ ಆ ಸಂದೇಶದಲ್ಲಿ ವಿಷಯವೇ ಇಲ್ಲ ಎಂದರ್ಥ. ಕಪಟ ಅನ್ನಿಸುವುದಕ್ಕೆ ಮುಖ್ಯ ಕಾರಣ ಇದೇ ಎನ್ನುವುದು ನನ್ನ ನಂಬಿಕೆ. ದೊಡ್ಡ ದೊಡ್ಡ ಪದಗಳನ್ನು ಜನ ಸಹಿಸಿಕೊಳ್ಳುತ್ತಾರೆ. ಏನೂ ಹೇಳದೆ ಸೌಜನ್ಯ ತೋರಿಸಿದರೆ ಸಿಟ್ಟಾಗುತ್ತಾರೆ.

ಪ್ರತಿ ಸಂದೇಶದ ಎದುರು ಮೂರು ಪ್ರಶ್ನೆ ಹಾಕಿ. ಏನಾಯಿತು? ಯಾರು, ಯಾವ ದಿನದೊಳಗೆ ಏನು ಮಾಡುತ್ತಾರೆ? ಗ್ರಾಹಕರು ಏನು ಮಾಡಬೇಕು? ಉತ್ತರ ಇರುವ ಪದಗಳ ಕೆಳಗೆ ಗೆರೆ ಎಳೆಯಿರಿ. ಮೇಲಿನ ಮಾದರಿಯಲ್ಲಿ ಗೆರೆ ಎಳೆಯಲು ಏನೂ ಸಿಗುವುದಿಲ್ಲ. ಎಟಿಎಂ ಎಂಬ ಪದ ಕೂಡ ಅದರಲ್ಲಿಲ್ಲ. ಅದೇ ಉತ್ತರವನ್ನು ಚೆಕ್ ಪುಸ್ತಕ ಬರಲಿಲ್ಲ ಎಂದವರಿಗೂ ಕಳಿಸಬಹುದು, ಪಾಸ್‌ಬುಕ್ ತಪ್ಪಾಗಿ ಪ್ರಿಂಟ್ ಆಗಿದೆ ಎಂದವರಿಗೂ ಕಳಿಸಬಹುದು. ಬೇರೆ ದೂರಿಗೂ ಹಾಗೇ ಹೊಂದಿಬಿಡುವ ಉತ್ತರವನ್ನು ಓದುವವರು ಕೂಡಲೇ ಗುರುತು ಹಿಡಿಯುತ್ತಾರೆ.

ಈಗ ಇದನ್ನು ಸರಿ ಮಾಡೋಣ. ಭಾಷೆಗೆ ಕೈ ಹಾಕುವ ಮುಂಚೆ ವಿಷಯ ಬೇಕು. ವಿಫಲವಾದ ಎಟಿಎಂ ವ್ಯವಹಾರದ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಸ್ಪಷ್ಟವಾಗಿದೆ. ಖಾತೆಯಿಂದ ಕಡಿತವಾಗಿ ಯಂತ್ರದಿಂದ ಹಣ ಬಾರದಿದ್ದರೆ, ವ್ಯವಹಾರ ನಡೆದ ದಿನದ ನಂತರ ಹೆಚ್ಚೆಂದರೆ 5 ದಿನದೊಳಗೆ ಬ್ಯಾಂಕ್ ಅದನ್ನು ವಾಪಸ್ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ ಪರಿಹಾರವನ್ನು ಗ್ರಾಹಕರು ಕೇಳುವವರೆಗೆ ಕಾಯದೆ ಬ್ಯಾಂಕೇ ಜಮೆ ಮಾಡಬೇಕು. ಅಂದರೆ "ಶೀಘ್ರದಲ್ಲೇ" ಎಂದು ಬರೆದವರ ಹತ್ತಿರ ನಿಜವಾದ ದಿನಾಂಕ ಇತ್ತು. ಅದನ್ನು ಬರೆಯಲಿಲ್ಲ, ಅಷ್ಟೆ.

> ನಮಸ್ಕಾರ. ಎಟಿಎಂನಿಂದ ಹಣ ಬಾರದೆ ನಿಮ್ಮ ಖಾತೆಯಿಂದ (ಮೊತ್ತ) ರೂಪಾಯಿ ಕಡಿತವಾಗಿದೆ ಎಂಬ ನಿಮ್ಮ ದೂರು ಬಂದಿದೆ. ದೂರು ಸಂಖ್ಯೆ (ಸಂಖ್ಯೆ). ಆ ಯಂತ್ರದ ಲೆಕ್ಕವನ್ನು ತಾಳೆ ನೋಡುತ್ತಿದ್ದೇವೆ. ಹಣ ನಿಮ್ಮ ಕೈಗೆ ಬಂದಿಲ್ಲ ಎಂದು ಖಚಿತವಾದರೆ (ದಿನಾಂಕ)ದೊಳಗೆ ನಿಮ್ಮ ಖಾತೆಗೆ ವಾಪಸ್ ಹಾಕುತ್ತೇವೆ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಿಸಿ ಹಾಕುತ್ತೇವೆ. ಇದಕ್ಕಾಗಿ ನೀವು ಬೇರೆ ಅರ್ಜಿ ಕೊಡಬೇಕಾಗಿಲ್ಲ.

ಇದರಲ್ಲಿ ಕ್ಷಮೆಯ ಮಾತೇ ಇಲ್ಲ, ಆದರೂ ಒರಟು ಅನ್ನಿಸುವುದಿಲ್ಲ. "ಹಣ ನಿಮ್ಮ ಕೈಗೆ ಬಂದಿಲ್ಲ ಎಂದು ಖಚಿತವಾದರೆ" ಎಂಬ ಷರತ್ತನ್ನು ಮಾತ್ರ ಕಿತ್ತು ಹಾಕಬೇಡಿ. ಹಣ ಬಂದೇ ಬರುತ್ತದೆ ಎಂದು ಮಾತು ಕೊಟ್ಟು, ಲೆಕ್ಕ ನೋಡಿದ ಮೇಲೆ ಇಲ್ಲ ಅನ್ನಬೇಕಾಗಿ ಬಂದರೆ ಮೊದಲಿನ ಕಚೇರಿ ಭಾಷೆಯೇ ವಾಸಿ ಅನ್ನಿಸೀತು.

ಲಕ್ಷಣ 3: ಕೆಲಸ ಮಾಡುವವರು ಯಾರೂ ಕಾಣಿಸುವುದಿಲ್ಲ

"ತರಲಾಗಿದೆ", "ಪರಿಹರಿಸಲಾಗುವುದು", "ಸೂಚಿಸಲಾಗಿದೆ". ಇಂಥ ವಾಕ್ಯದಲ್ಲಿ ಕೆಲಸ ತಾನಾಗಿ ನಡೆಯುತ್ತದೆ, ಮಾಡುವವರು ಇರುವುದಿಲ್ಲ. ಒಂದೆರಡು ಇದ್ದರೆ ಪರವಾಗಿಲ್ಲ. ಸಂದೇಶದ ಎಲ್ಲ ಕ್ರಿಯಾಪದವೂ ಹೀಗೇ ಇದ್ದರೆ ಯಾರೂ ಹೊಣೆ ಹೊರುತ್ತಿಲ್ಲ ಎಂದು ಓದುವವರಿಗೆ ಅನ್ನಿಸುತ್ತದೆ.

ಸಂದೇಶಗಳು ಸಾಲಿಗೊಂದರಂತೆ ಒಂದು ಪಠ್ಯ ಕಡತದಲ್ಲಿದ್ದರೆ, ಹುಡುಕಾಟ ಎರಡು ನಿಮಿಷದ ಕೆಲಸ:

```
grep -noE "ಲಾಗಿದ|ಲಾಗಿರ|ಲಾಗುವುದು|ಲಾಗುತ್ತದೆ|ಕೈಗೊ|ವತಿಯಿಂದ" batch.txt
```

ಯಾವ ಸಾಲಿನಲ್ಲಿ ಯಾವ ತುಣುಕು ಇದೆ ಎಂದು ಇದು ತೋರಿಸುತ್ತದೆ. ಟರ್ಮಿನಲ್ ಅಭ್ಯಾಸ ಇಲ್ಲದವರು ವರ್ಡ್ ಅಥವಾ ಶೀಟ್‌ನಲ್ಲಿ "ಲಾಗಿ", "ಲಾಗು" ಎಂದು ಎರಡು ಸಲ ಹುಡುಕಿದರೂ ಬಹುಪಾಲು ಸಿಗುತ್ತದೆ. "ಬದಲಾಗಿ", "ಬಡ್ಡಿ ಲಾಗು" ಎಂಬಂಥವೂ ಇದರಲ್ಲಿ ಸಿಗಬಹುದು. ಅಂಥದ್ದನ್ನು ಕಣ್ಣಲ್ಲಿ ನೋಡಿ ಬಿಟ್ಟುಬಿಡಿ.

ಏನೂ ಸಿಗಲಿಲ್ಲ ಎಂದರೆ ಖುಷಿಪಡುವ ಮುಂಚೆ ಕಡತವನ್ನೇ ಪರೀಕ್ಷಿಸಿ. ನಮ್ಮ ಕಚೇರಿಗಳಲ್ಲಿ ಈಗಲೂ ಕೆಲವರು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಾರೆ. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಯೂನಿಕೋಡ್‌ಗೆ ಬದಲಾಯಿಸದೆ ಹುಡುಕಿದರೆ ಸೊನ್ನೆಯೇ ಬರುತ್ತದೆ. ಫಾಂಟ್ ಬದಲಾಯಿಸಿ ನೋಡಿ. ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾದರೆ ಅದು ಹಳೆಯ ಫಾಂಟಿನ ಕಡತ.

ಸಿಕ್ಕ ಪ್ರತಿಯೊಂದನ್ನೂ ಬದಲಾಯಿಸಬೇಕಾಗಿಲ್ಲ. "ಭಾನುವಾರ ಈ ಎಟಿಎಂ ಮುಚ್ಚಲಾಗಿರುತ್ತದೆ" ಎಂಬಲ್ಲಿ ಯಾರು ಮುಚ್ಚುತ್ತಾರೆ ಎಂಬುದು ಯಾರಿಗೂ ಬೇಕಾಗಿಲ್ಲ. ಗ್ರಾಹಕರ ಹಣ, ಸಮಯ, ಮರ್ಯಾದೆ ಇವುಗಳಿಗೆ ಸಂಬಂಧಿಸಿದ ಕೆಲಸವಾಗಿದ್ದರೆ ಮಾತ್ರ ಮಾಡುವವರನ್ನು ವಾಕ್ಯದೊಳಗೆ ತನ್ನಿ. "ನಾವು" ಎಂಬ ಪದವೇ ಬರಬೇಕೆಂದಿಲ್ಲ. "ನೋಡುತ್ತೇವೆ", "ಹಾಕುತ್ತೇವೆ" ಎಂದರೆ ಕ್ರಿಯಾಪದದ ಕೊನೆಯಲ್ಲೇ ಆ ಹೊಣೆ ಇರುತ್ತದೆ. ಕನ್ನಡದಲ್ಲಿ ಈ ಅನುಕೂಲ ನಮಗೆ ಪುಕ್ಕಟೆ ಸಿಕ್ಕಿದೆ.

ಲಕ್ಷಣ 4: ಒಂದೊಂದೇ ಓದಿದರೆ ಸರಿ, ಒಟ್ಟಿಗೆ ಓದಿದರೆ ಗಿಳಿಪಾಠ

ಕಟ್ಟನ್ನು ಕಟ್ಟಾಗಿಯೇ ನೋಡಬೇಕಾದ ಕಾರಣ ಇದು. ಒಬ್ಬ ಗ್ರಾಹಕರಿಗೆ ಒಂದೇ ದೂರಿನಲ್ಲಿ ನಾಲ್ಕು ಸಂದೇಶ ಹೋಗುತ್ತದೆ ಎಂದಿಟ್ಟುಕೊಳ್ಳಿ. ದೂರು ಬಂತು, ಪರಿಶೀಲನೆ ನಡೆಯುತ್ತಿದೆ, ಇನ್ನೂ ಸಮಯ ಬೇಕು, ಮುಗಿಯಿತು. ನಾಲ್ಕೂ "ತಮಗೆ ಉಂಟಾಗಿರುವ ಅನಾನುಕೂಲತೆಗಾಗಿ" ಎಂದೇ ಶುರುವಾದರೆ, ಎರಡನೆಯ ಸಲಕ್ಕೇ ಆ ಮಾತಿನ ಬೆಲೆ ಹೋಗುತ್ತದೆ. ಒಂದೊಂದನ್ನೇ ತಿದ್ದಿದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಶೀಟ್‌ನಲ್ಲಿ ಸಂದೇಶದ ಕಾಲಮ್ಮನ್ನು ಅಕಾರಾದಿಯಾಗಿ ವಿಂಗಡಿಸಿ. ಒಂದೇ ಬಗೆಯ ಶುರುವಾತು ಇರುವುದೆಲ್ಲ ಒಂದರ ಕೆಳಗೊಂದು ಬಂದು ನಿಲ್ಲುತ್ತದೆ. ಎಷ್ಟಿವೆ ಎಂದು ಎಣಿಸಬೇಕಾದರೆ:

```
export LC_ALL=C
cut -d' ' -f1-4 batch.txt | sort | uniq -c | sort -nr | head
```

ಮೊದಲ ಸಾಲು ಬಿಡಬೇಡಿ. ಕೆಲವು ಹಳೆಯ ವ್ಯವಸ್ಥೆಗಳಲ್ಲಿ ಅದಿಲ್ಲದಿದ್ದರೆ ಬೇರೆ ಬೇರೆ ಕನ್ನಡ ಸಾಲುಗಳನ್ನೂ ಒಂದೇ ಎಂದು ಎಣಿಸಿಬಿಡುವ ತೊಂದರೆ ಇದೆ.

ಇಲ್ಲೊಂದು ಎಚ್ಚರಿಕೆ. ಪುನರಾವರ್ತನೆ ಕಂಡ ಕೂಡಲೇ ಸಮಾನಾರ್ಥಕ ಪದ ತುಂಬಲು ಹೋಗಬೇಡಿ. ಒಂದರಲ್ಲಿ "ವಿಷಾದಿಸುತ್ತೇವೆ", ಇನ್ನೊಂದರಲ್ಲಿ "ಖೇದ ವ್ಯಕ್ತಪಡಿಸುತ್ತೇವೆ", ಮತ್ತೊಂದರಲ್ಲಿ "ಕ್ಷಮೆ ಯಾಚಿಸುತ್ತೇವೆ" ಎಂದು ಹಾಕಿದರೆ ರೋಗ ಹಾಗೇ ಉಳಿಯುತ್ತದೆ, ಹುಡುಕುವುದು ಮಾತ್ರ ಕಷ್ಟವಾಗುತ್ತದೆ. ಮಾಡಬೇಕಾದದ್ದು ಇಷ್ಟು: ನಿಜವಾಗಿ ತಪ್ಪು ನಮ್ಮದಾಗಿರುವ ಸಂದೇಶದಲ್ಲಿ ಕ್ಷಮೆ ಉಳಿಸಿ, ಬೇರೆ ಕಡೆ ತೆಗೆದುಹಾಕಿ. ನಾಲ್ಕರ ಸರಣಿಯಲ್ಲಿ ಅದು "ಇನ್ನೂ ಸಮಯ ಬೇಕು" ಎಂಬ ಮೂರನೆಯದರಲ್ಲಿ ಬರಬೇಕು, ಅದೂ ಕಾರಣದ ಜೊತೆಗೆ. "10ನೇ ತಾರೀಖಿನೊಳಗೆ ಹಾಕುತ್ತೇವೆ ಎಂದಿದ್ದೆವು, ಆಗಲಿಲ್ಲ. ಕ್ಷಮಿಸಿ." ಹೀಗೆ ಯಾವುದಕ್ಕೆ ಕ್ಷಮೆ ಎಂದು ಹೇಳಿದರೆ ಒಂದೇ ಪದ ಸಾಕು.

ಇದೇ ಸಂದೇಶ ಎಸ್‌ಎಂಎಸ್ ಆಗಿ ಹೋಗುವುದಾದರೆ ದುಡ್ಡಿನ ಲೆಕ್ಕವೂ ಇದೆ. ಕನ್ನಡದ ಎಸ್‌ಎಂಎಸ್ ಯೂನಿಕೋಡ್‌ನಲ್ಲಿ ಹೋಗುವಾಗ ಒಂದು ಸಂದೇಶಕ್ಕೆ 70 ಅಕ್ಷರ ಮಿತಿ. ಅದಕ್ಕಿಂತ ಉದ್ದವಾದರೆ 67ರಂತೆ ತುಂಡಾಗುತ್ತದೆ. ಇಲ್ಲಿ ದೀರ್ಘ, ಕೊಂಬು, ಒತ್ತಿನ ಹಲಂತ ಎಲ್ಲವೂ ಬೇರೆ ಬೇರೆ ಎಣಿಕೆ. "ಗ್ರಾಹಕ" ನಮಗೆ ಮೂರು ಅಕ್ಷರ, ಎಸ್‌ಎಂಎಸ್‌ಗೆ ಆರು. "ತಮಗೆ ಉಂಟಾಗಿರುವ ಅನಾನುಕೂಲತೆಗಾಗಿ ವಿಷಾದಿಸುತ್ತೇವೆ" ಎಂಬುದೊಂದೇ 44 ಅಕ್ಷರ ತಿನ್ನುತ್ತದೆ. ಹಣ ವಾಪಸ್ ಬರುವ ದಿನಾಂಕಕ್ಕೆ ಜಾಗವಿಲ್ಲ ಎಂದು ಹೇಳುವವರಿಗೆ ಈ ಎಣಿಕೆ ತೋರಿಸಿ. ವಾದ ಅಲ್ಲಿಗೆ ಮುಗಿಯುತ್ತದೆ.

ಲಕ್ಷಣ 5: ತಿದ್ದಿದ ಮೇಲೆ ಅತಿ ಸಲುಗೆ ಅನ್ನಿಸುತ್ತಿದೆ

ಕಚೇರಿ ಭಾಷೆ ತೆಗೆಯಲು ಹೋಗಿ ಈ ಬದಿಗೆ ಬೀಳುವವರು ಬಹಳ. "ಹಾಯ್! ಚಿಂತೆ ಬಿಡಿ, ನಾವಿದ್ದೀವಲ್ಲ!" ಎಂದು ಹತ್ತು ಸಾವಿರ ರೂಪಾಯಿ ಕಳೆದುಕೊಂಡೆ ಎಂದು ಕೂತವರಿಗೆ ಕಳಿಸಿದರೆ ಅದೂ ಅಷ್ಟೇ ಸುಳ್ಳು ಅನ್ನಿಸುತ್ತದೆ. ಬ್ಯಾಂಕಿನ ವಿಷಯದಲ್ಲಿ ಇನ್ನೂ ಒಂದು ಅಪಾಯವಿದೆ. ಅತಿಯಾದ ಆತ್ಮೀಯತೆ, ಆಶ್ಚರ್ಯ ಚಿಹ್ನೆ, "ಈಗಲೇ ಕ್ಲಿಕ್ ಮಾಡಿ" ಎಂಬ ಅವಸರ ಇವು ವಂಚಕರ ಸಂದೇಶದ ಗುರುತುಗಳು. ಎಚ್ಚರವಾಗಿರಿ ಎಂದು ನಾವೇ ಜನರಿಗೆ ಹೇಳಿ, ಅದೇ ಧಾಟಿಯಲ್ಲಿ ನಾವೇ ಬರೆಯಬಾರದು.

ಸಾವಿನ ವಿಷಯ ಬಂದಾಗ ಈ ಎರಡು ತಪ್ಪೂ ಬಹಳ ನೋಯಿಸುತ್ತವೆ. ತೀರಿಕೊಂಡ ಖಾತೆದಾರರ ಹಣ ಕೇಳಿ ಬಂದ ಮನೆಯವರಿಗೆ "ಖಾತೆದಾರರ ನಿಧನದ ಕುರಿತಾದ ಮಾಹಿತಿಯನ್ನು ಸ್ವೀಕರಿಸಲಾಗಿದೆ" ಎಂದು ಬರೆಯುವುದು ಕಟುವಾಗುತ್ತದೆ. "ನಿಮ್ಮ ದುಃಖದಲ್ಲಿ ನಾವೂ ಭಾಗಿ, ನಿಮ್ಮ ನೋವು ನಮಗೆ ಸಂಪೂರ್ಣ ಅರ್ಥವಾಗುತ್ತದೆ" ಎಂದರೆ ಯಾರೂ ನಂಬುವುದಿಲ್ಲ. ನಡುವೆ ಒಂದು ದಾರಿ ಇದೆ. "ನಿಮ್ಮ ತಂದೆಯವರು ತೀರಿಕೊಂಡ ವಿಷಯ ತಿಳಿದು ಬೇಸರವಾಯಿತು" ಎಂಬ ಒಂದು ವಾಕ್ಯ, ಆಮೇಲೆ ನೇರವಾಗಿ ಕೆಲಸ. ಯಾವ ಯಾವ ಕಾಗದ ಬೇಕು, ಶಾಖೆಯಲ್ಲಿ ಯಾರನ್ನು ಕೇಳಬೇಕು, ಕಾಗದ ಕೊಟ್ಟ ಮೇಲೆ ಎಷ್ಟು ದಿನ. ನಾಮಿನಿ ಇದ್ದು ದಾಖಲೆ ಸರಿಯಾಗಿದ್ದರೆ 15 ದಿನದೊಳಗೆ ಇತ್ಯರ್ಥ ಮಾಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ 15 ಎಂಬ ಅಂಕಿ ಪತ್ರದಲ್ಲಿರಲಿ. ಇಂಥ ಹೊತ್ತಿನಲ್ಲಿ ಮನೆಯವರನ್ನು ಎರಡು ಸಲ ಓಡಾಡಿಸದಿರುವುದೇ ದೊಡ್ಡ ಮರ್ಯಾದೆ.

ಸಂಬಂಧದ ಹೆಸರನ್ನು ವ್ಯವಸ್ಥೆ ತಾನಾಗಿ ತುಂಬುವುದಾದರೆ "ತಂದೆಯವರು" ಎಂಬುದನ್ನು ಬಿಟ್ಟು ಖಾತೆದಾರರ ಹೆಸರು ಬರುವ ಹಾಗೆ ಮಾಡಿ. ಗಂಡನನ್ನು ಕಳೆದುಕೊಂಡವರಿಗೆ ತಂದೆ ಎಂದು ಹೋದರೆ ಅದನ್ನು ಸರಿಪಡಿಸಲು ಆಗುವುದಿಲ್ಲ.

ಲಕ್ಷಣ 6: ನಿಮಗೆ ಸರಿ ಅನ್ನಿಸುತ್ತಿದೆ, ಆದರೂ ಅನುಮಾನ

ಇಲ್ಲಿಂದ ಮುಂದೆ ಬೇರೆಯವರ ಸಮಯ ಬೇಕು. ಕಚೇರಿಯ ಹೊರಗಿನ ಇಬ್ಬರು ಮೂವರನ್ನು ಹುಡುಕಿ. ಒಬ್ಬರು ವಯಸ್ಸಾದವರಿರಲಿ, ಸಾಧ್ಯವಾದರೆ ಒಬ್ಬರು ಬೇರೆ ಸೀಮೆಯವರಿರಲಿ. ಮೈಸೂರಿನ ಕಿವಿಗೆ ಸಹಜವಾದದ್ದು ಧಾರವಾಡದ ಕಿವಿಗೆ ಹಾಗಿರಬೇಕೆಂದಿಲ್ಲ. ಐದಾರು ಸಂದೇಶ ಸಾಕು. "ಚೆನ್ನಾಗಿದೆಯಾ?" ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಒಂದು ಸಲ ಓದಿಸಿ, ಕಾಗದ ವಾಪಸ್ ತೆಗೆದುಕೊಂಡು, "ಇದರಲ್ಲಿ ಏನ್ ಹೇಳಿದ್ದಾರೆ, ನಿಮ್ಮ ಮನೆಯವರಿಗೆ ಹೇಳೋ ಹಾಗೆ ಹೇಳಿ" ಅನ್ನಿ.

ಅವರು ಹೇಳುವುದನ್ನು ಹಾಗೇ ಬರೆದುಕೊಳ್ಳಿ. "ದುಡ್ಡು 10ನೇ ತಾರೀಖಿನ ಒಳಗೆ ಬರತ್ತಂತೆ, ಏನೂ ಮಾಡೋದು ಬೇಡವಂತೆ" ಎಂದರೆ ಸಂದೇಶ ಕೆಲಸ ಮಾಡಿದೆ. "ಏನೋ ವಿಚಾರಣೆ ಮಾಡ್ತಾರಂತೆ" ಎಂದರೆ ಲಕ್ಷಣ 2ಕ್ಕೆ ವಾಪಸ್ ಹೋಗಿ. ಎಷ್ಟೋ ಸಲ ಅವರು ಹೇಳಿದ ವಾಕ್ಯವೇ ನೀವು ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ. ಕೊನೆಯ "ಅಂತೆ" ತೆಗೆದು, ಕ್ರಿಯಾಪದವನ್ನು ಬರಹದ ರೂಪಕ್ಕೆ ತಂದು ಅದನ್ನೇ ಬಳಸಿ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಬರೆಯಲು ದಿನಾಂಕ ಇಲ್ಲ, ಹೊಣೆ ಯಾರದೆಂದು ವಿಭಾಗಗಳ ನಡುವೆ ಒಪ್ಪಿಗೆ ಇಲ್ಲ ಎಂದಾದರೆ ತಿದ್ದುವುದನ್ನು ಅಲ್ಲೇ ನಿಲ್ಲಿಸಿ. ಅದು ಭಾಷೆಯ ದೋಷವಲ್ಲ. ಆ ಸಂದೇಶದ ಪಕ್ಕದಲ್ಲಿ "ಎಷ್ಟು ದಿನ? ಯಾರು ಹೇಳಬೇಕು?" ಎಂದು ಬರೆದು ಸಂಬಂಧಪಟ್ಟ ಮ್ಯಾನೇಜರಿಗೆ ಕಳಿಸಿ. ಉತ್ತರ ಬರುವವರೆಗೆ ನಯವಾದ ವಾಕ್ಯದಿಂದ ಆ ತೂತು ಮುಚ್ಚಬೇಡಿ.

ಕಾನೂನಿನ ನೋಟಿಸುಗಳನ್ನು ಮುಟ್ಟಬೇಡಿ. ಉದಾಹರಣೆಗೆ ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಲ್ಲಿ ಸಾಲಗಾರರಿಗೆ 60 ದಿನದ ಗಡುವು ಕೊಡುವ ನೋಟಿಸಿನ ಒಂದೊಂದು ಪದಕ್ಕೂ ನ್ಯಾಯಾಲಯದಲ್ಲಿ ತೂಕವಿದೆ. ಅದನ್ನು ಹಾಗೇ ಬಿಟ್ಟು, ಜೊತೆಗೆ ಸರಳ ಕನ್ನಡದ ಒಂದು ವಿವರಣೆ ಪತ್ರ ಇಡಬಹುದೇ ಎಂದು ವಕೀಲರನ್ನು ಕೇಳಿ.

ಎಸ್‌ಎಂಎಸ್ ಸಂದೇಶಗಳ ಪಠ್ಯ ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ವ್ಯವಸ್ಥೆಯಲ್ಲಿ ಮೊದಲೇ ನೋಂದಣಿಯಾಗಿರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರ ನಿಯಮಗಳ ಮೂಲಕ ತಂದ ಪದ್ಧತಿ ಇದು. ನೋಂದಣಿಯಾದ ಪಠ್ಯಕ್ಕೂ ಕಳಿಸುವ ಪಠ್ಯಕ್ಕೂ ತಾಳೆಯಾಗದಿದ್ದರೆ ಸಂದೇಶ ದಾರಿಯಲ್ಲೇ ನಿಂತುಹೋಗುತ್ತದೆ. ಗ್ರಾಹಕರಿಗೆ ಏನೂ ತಲುಪುವುದಿಲ್ಲ. ಆದ್ದರಿಂದ ತಿದ್ದಿದ ಪಠ್ಯ ಮೊದಲು ನೋಂದಣಿಗೆ ಹೋಗಲಿ. ಒಪ್ಪಿಗೆ ಬರುವವರೆಗೆ ಹಳೆಯದೇ ಓಡಲಿ. ನೋಂದಣಿಯಾದ ಪಠ್ಯವನ್ನೇ ಅಲ್ಲಿಂದ ನಕಲು ಮಾಡಿ ವ್ಯವಸ್ಥೆಗೆ ಹಾಕಿ, ಮತ್ತೆ ಕೈಯಲ್ಲಿ ಟೈಪ್ ಮಾಡಬೇಡಿ. "ಎಸ್‌ಎಂಎಸ್" ಎಂಬಂಥ ಪದದೊಳಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿರುತ್ತದೆ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಪರದೆಯ ಮೇಲೆ ಹೆಚ್ಚುಕಮ್ಮಿ ಒಂದೇ ಥರ ಕಂಡರೂ ಪಠ್ಯ ಬೇರೆಯಾಗುತ್ತದೆ. ನಕಲು ಹಾಕಿದ ಮೇಲೆ ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಮೂರು ಫೋನಿಗೆ ಒಂದೊಂದು ಸಂದೇಶ ಕಳಿಸಿ, ಪೂರ್ತಿ ಬಂದಿದೆಯೇ ಎಂದು ನೋಡಿ, ಆಮೇಲೆ ಹಳೆಯದನ್ನು ತೆಗೆಯಿರಿ.